ಮೊದಲು ಕಿವಿ, ಆಮೇಲೆ ಪುಸ್ತಕ: ಹಲಗಲಿಯ ಲಾವಣಿ ಮತ್ತು ಪದ್ಯಪಾಠ



ಮುಧೋಳ ಸೀಮೆಯ ಹಲಗಲಿ ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಊರು. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳುವಂತಿಲ್ಲ ಎಂದು ಹುಕುಂ ಹೊರಟಾಗ ಹಲಗಲಿಯ ಬೇಡರು ತಮ್ಮ ಹತಾರ ಕೊಡಲು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಸುದ್ದಿಯನ್ನು ಜನ ಲಾವಣಿ ಕಟ್ಟಿ ಹಾಡಿದರು. ಸುಮಾರು ಮೂರು ದಶಕಗಳ ನಂತರ ಜೆ. ಎಫ್. ಫ್ಲೀಟ್ ಆ ಲಾವಣಿಯನ್ನು ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ನಮ್ಮ ಕಾಲದಲ್ಲಿ ಅದು ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡ ಪುಸ್ತಕಕ್ಕೆ ‘ಹಲಗಲಿ ಬೇಡರು’ ಎಂಬ ಪದ್ಯವಾಗಿ ಬಂದಿತು.

ಪದ್ಯವನ್ನು ಮಕ್ಕಳಿಗೆ ಯಾವ ಕ್ರಮದಲ್ಲಿ ಕಲಿಸಬೇಕು ಎಂಬ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದನ್ನು ಈ ಒಂದು ಲಾವಣಿಯನ್ನೇ ಕೈಯಲ್ಲಿ ಹಿಡಿದು ಹೇಳುತ್ತೇನೆ.

ಶಾಲೆ ಬರುವುದಕ್ಕಿಂತ ಮುಂಚೆ ಈ ಭಾಗದಲ್ಲಿ ಪದ್ಯ ಕಲಿಯುವ ಜಾಗ ಜಾತ್ರೆಯ ಬಯಲಾಗಿತ್ತು. ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯ ಹರದೇಶಿ–ನಾಗೇಶಿ ಮೇಳಗಳನ್ನು ನೆನೆಯಿರಿ. ಡಪ್ಪಿನ ಪೆಟ್ಟು ಬೀಳುತ್ತದೆ, ತುಂತುಣಿ ಮಿಡಿಯುತ್ತದೆ, ಕೂತವರ ಕಿವಿಗೆ ಮೊದಲು ಧಾಟಿ ಬೀಳುತ್ತದೆ. ಪಲ್ಲ ಎರಡನೆಯ ಸಲ ಬರುವಷ್ಟರಲ್ಲಿ ಮಾತು ಹಿಡಿತಕ್ಕೆ ಸಿಗುತ್ತದೆ. ಏರಿನಲ್ಲಿ ದನಿ ಮೇಲೆ ಹೋದಾಗ, ಇಲ್ಲಿ ಏನೋ ಮುಖ್ಯವಾದದ್ದು ನಡೆಯಿತು ಎಂದು ತಿಳಿಯುತ್ತದೆ. ಒಂದು ಮೇಳ ಹಾಡಿ ಸವಾಲು ಹಾಕಿದರೆ ಎದುರಿನ ಮೇಳ ಅದಕ್ಕೆ ಪದದಲ್ಲಿಯೇ ಜವಾಬು ಕೊಡಬೇಕು. ಹಾಡನ್ನು ಸರಿಯಾಗಿ ಕೇಳದವರಿಗೆ, ಅರ್ಥ ಬಿಡಿಸಿಕೊಳ್ಳದವರಿಗೆ, ಅದರ ಹೋಲಿಕೆಯ ಮರ್ಮ ಹಿಡಿಯದವರಿಗೆ ಜವಾಬು ಕಟ್ಟಲು ಬರುವುದಿಲ್ಲ. ಕೇಳುವುದು, ತಿಳಿಯುವುದು, ಅಲಂಕಾರದ ಬೆಡಗನ್ನು ಗುರುತಿಸುವುದು, ತನ್ನ ಮಾತು ಹೇಳುವುದು ಎಂಬ ಕ್ರಮ ಅಲ್ಲಿ ತಾನಾಗಿ ನಡೆಯುತ್ತಿತ್ತು.

ಅಯ್ಯಗಳ ಮಠದ, ಗಾಂವಟಿ ಶಾಲೆಯ ಪಾಠದಲ್ಲಿ ಈ ನಾಲ್ಕರಲ್ಲಿ ಮೊದಲಿನದಷ್ಟೇ ಗಟ್ಟಿಯಾಗಿತ್ತು. ಹುಡುಗರು ಕೇಳಿ ಬಾಯಿಪಾಠ ಮಾಡುತ್ತಿದ್ದರು. ಅರ್ಥ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂದೆ ಡೆಪ್ಯುಟಿ ಚನ್ನಬಸಪ್ಪನವರಂಥವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಶಿಕ್ಷಕರಿಗಾಗಿಯೇ 1865ರಲ್ಲಿ ‘ಮಠಪತ್ರಿಕೆ’ ಶುರುವಾಯಿತು. ಅದೇ ಈಗಿನ ‘ಜೀವನ ಶಿಕ್ಷಣ’. ಆಗ ಬೀಳಗಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಸಂಸ್ಥಾನದ ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ ಇದ್ದುದರಿಂದ ಅಲ್ಲಿ ಕನ್ನಡ ಪದ್ಯ ಬಯಲಿನಲ್ಲಿ ಬದುಕಿದಷ್ಟು ಪಾಟಿ–ಪುಸ್ತಕಗಳಲ್ಲಿ ಬದುಕಲಿಲ್ಲ.

ಶಿಕ್ಷಕರ ತರಬೇತಿಯ ಜೊತೆಗೆ ಜರ್ಮನಿಯ ಹರ್ಬಾರ್ಟನ ಹೆಸರಿನ ಪಂಚಸೋಪಾನಗಳೂ ಬಂದವು. ಪೀಠಿಕೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಈ ಐದು ಮೆಟ್ಟಿಲುಗಳನ್ನು ಹರ್ಬಾರ್ಟನ ಶಿಷ್ಯಪರಂಪರೆ ರೂಪಿಸಿತು. ಉದಾಹರಣೆಗಳಿಂದ ನಿಯಮಕ್ಕೆ ಹೋಗುವ ವ್ಯಾಕರಣಕ್ಕೆ, ವಿಜ್ಞಾನಕ್ಕೆ ಅವು ಚೆನ್ನಾಗಿ ಹೊಂದುತ್ತವೆ. ಆದರೆ ಪದ್ಯದ ಕೊನೆಯಲ್ಲಿ ಯಾವ ನಿಯಮವನ್ನು ಬರೆಸುವುದು? ಈ ತೊಡಕು ನಮ್ಮ ತರಬೇತಿ ಶಾಲೆಗಳಿಗೆ ಗೊತ್ತಾಯಿತು. ಪದ್ಯಕ್ಕೆ ‘ರಸಗ್ರಹಣ ಪಾಠ’ ಎಂಬ ಬೇರೆ ವರ್ಗವನ್ನೇ ಮಾಡಿದರು. ಶಿಕ್ಷಕರ ಆದರ್ಶ ವಾಚನ, ಮಕ್ಕಳ ಅನುಕರಣ ವಾಚನ, ಆಮೇಲೆ ವಿವರಣೆ ಎಂದು ಸಾಲು ಹಾಕಿದರು. ಪದ್ಯವನ್ನು ತುಂಡು ತುಂಡಾಗಿ ಕಲಿಸುವ ಖಂಡ ಪದ್ಧತಿ ಮೇಲೋ, ಇಡಿಯಾಗಿ ಕಲಿಸುವ ಅಖಂಡ ಪದ್ಧತಿ ಮೇಲೋ ಎಂಬ ಚರ್ಚೆ ಇಂದಿಗೂ ಬೋಧನಶಾಸ್ತ್ರದ ಪುಸ್ತಕಗಳಲ್ಲಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಪಾಠ ಯೋಜನೆಯ ಹೆಸರುಗಳು ಬದಲಾದವು. ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಮಾತುಗಳು ಬಂದವು.

ಯೋಜನೆ ಏನೇ ಹೇಳಲಿ, ತರಗತಿಯ ನಿಜವಾದ ಕ್ರಮವನ್ನು ಪ್ರಶ್ನೆಪತ್ರಿಕೆ ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪತ್ರಿಕೆಯಲ್ಲಿ ಅಲಂಕಾರ ಹೆಸರಿಸಿ ಲಕ್ಷಣ ಸಮನ್ವಯ ಮಾಡುವುದಿದೆ, ಪದ್ಯ ಪೂರ್ಣಗೊಳಿಸುವುದಿದೆ, ಸಾರಾಂಶ ಬರೆಯುವುದಿದೆ. ಹೀಗಾಗಿ ಪಾಠ ಸಾರಾಂಶದಿಂದ ಆರಂಭವಾಗಿ ಅಲಂಕಾರದ ಪಟ್ಟಿಯಲ್ಲಿ ಮುಗಿಯುತ್ತದೆ. ಹಲಗಲಿಯ ಲಾವಣಿಯನ್ನು ಒಮ್ಮೆಯೂ ಧಾಟಿಯಲ್ಲಿ ಕೇಳದೆ ಅದರ ಉಪಮೆಯನ್ನು ಬಿಡಿಸುವ ಮಕ್ಕಳು ಹಲಗಲಿಯ ಪಕ್ಕದಲ್ಲಿಯೇ ಇದ್ದಾರೆ.

ಇದೇ ಪದ್ಯವನ್ನು ಸರಿಯಾದ ಕ್ರಮದಲ್ಲಿ ಹೇಗೆ ಕಲಿಸಬಹುದು ಎಂದು ನೋಡೋಣ. ನಾಲ್ಕು ಅವಧಿ ಸಾಕು.

ಮೊದಲ ಅವಧಿಯಲ್ಲಿ ಪುಸ್ತಕ ಮುಚ್ಚಿರಲಿ. ಊರಿನಲ್ಲಿ ಲಾವಣಿ ಹಾಡುವವರಿದ್ದರೆ ಕರೆಸಬೇಕು. ಈ ಭಾಗದಲ್ಲಿ ಅದು ಕಷ್ಟವಲ್ಲ. ಇಲ್ಲವಾದರೆ ಶಿಕ್ಷಕರೇ ಮೇಜಿನ ಮೇಲೆ ತಾಳ ಹಾಕುತ್ತ ಓದಬೇಕು. ಮೊದಲ ಸಲ ಯಾವ ಪ್ರಶ್ನೆಯೂ ಬೇಡ. ಎರಡನೆಯ ಸಲಕ್ಕೆ ಒಂದೇ ಪ್ರಶ್ನೆ: ದನಿ ಎಲ್ಲಿ ಏರಿತು? ಮಕ್ಕಳು ಕೈ ಎತ್ತಿ ತೋರಿಸಲಿ. ಇಲ್ಲಿ ಆಗುವ ತಪ್ಪು ಎರಡು. ಅಚ್ಚಿನ ಸಾಲು ಮುಗಿದಲ್ಲೆಲ್ಲ ನಿಲ್ಲಿಸಿ ಗದ್ಯದಂತೆ ಓದುವುದು ಒಂದು. ಪುಸ್ತಕದ ‘ಪ್ರವೇಶ’ದಲ್ಲಿರುವ ಕಥೆಯನ್ನು ಮೊದಲೇ ಹೇಳಿಬಿಡುವುದು ಇನ್ನೊಂದು; ಊರು ಸುಟ್ಟಿತೆಂದು ಮೊದಲೇ ಗೊತ್ತಾದ ಮಗು ಮುಂದೇನಾಯಿತು ಎಂಬ ಆತಂಕದಿಂದ ಕೇಳುವುದಿಲ್ಲ. ಅವಧಿಯ ಕೊನೆಗೆ ಪುಸ್ತಕ ನೋಡದೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಮುರುಕು ಮುರುಕಾಗಿ ಹೇಳಲು ಬಂದರೆ ಕೇಳಿಸಿದ್ದು ಫಲಿಸಿತು ಎಂದರ್ಥ.

ಎರಡನೆಯ ಅವಧಿ ಅರ್ಥಕ್ಕೆ. ಮೈಸೂರು ಕಡೆಯ ಮಕ್ಕಳಿಗೆ ಈ ಲಾವಣಿಯ ಆಡುನುಡಿಗೆ ಟಿಪ್ಪಣಿ ಬೇಕು. ಮುಧೋಳದ ಮಕ್ಕಳಿಗೆ ಅದು ಮನೆಯ ಮಾತು. ಅವರು ಎಡವುವುದು ಬೇರೆ ಕಡೆ. ಹುಕುಂ ಹೊರಡಿಸಿದವರು ಯಾರು, ಕಂಪನಿಗೂ ಮುಧೋಳದ ಸಂಸ್ಥಾನಕ್ಕೂ ಏನು ಸಂಬಂಧ, ಬೇಟೆ ಮತ್ತು ಕಾವಲುಗಳಿಂದ ಬದುಕುವವನ ಕೈಯಿಂದ ಹತಾರ ಕಸಿದರೆ ಅವನಿಗೆ ಉಳಿಯುವುದೇನು ಎಂಬುದನ್ನು ಮಾತಾಡಿ ತಿಳಿಸಬೇಕು. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಕವಿಯ ಹೆಸರು ಹೇಳದೆ ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಕೊಟ್ಟು, ಅವರು ಬರೆದುದನ್ನು 1929ರಲ್ಲಿ ಪುಸ್ತಕ ಮಾಡಿದರು. ಓದುಗರ ತೊಡಕುಗಳಲ್ಲಿ ಅವರು ಮೊದಲು ಹೇಳಿದ್ದು ಪದ್ಯದ ಸಾದಾ ಅರ್ಥವೇ ಹತ್ತದಿರುವುದನ್ನು. ಅಷ್ಟು ಓದಿದವರ ಪಾಡೇ ಹಾಗಿದ್ದರೆ ಹದಿನೈದರ ಮಕ್ಕಳಿಗೆ ಒಂದು ಇಡೀ ಅವಧಿ ಕೊಡುವುದು ಹೆಚ್ಚಲ್ಲ.

ಮೂರನೆಯ ಅವಧಿಯಲ್ಲಿ ಅಲಂಕಾರ. ಲಾವಣಿಯಲ್ಲಿ ಸುರಿಯುವ ಗುಂಡುಗಳನ್ನು ಮುಂಗಾರಿನ ಸಿಡಿಲಿಗೆ ಹೋಲಿಸುವ ಮಾತೊಂದಿದೆ. ‘ಉಪಮೇಯ ಗುಂಡು, ಉಪಮಾನ ಸಿಡಿಲು’ ಎಂದು ಬರೆಸಿದರೆ ಅಂಕ ಬರುತ್ತದೆ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು: ಯಾಕೆ ಮುಂಗಾರಿನದೇ ಸಿಡಿಲು? ಒಕ್ಕಲುತನದ ಮನೆಯ ಮಗು ಥಟ್ಟನೆ ಹೇಳಬಲ್ಲದು, ಮುಂಗಾರಿನ ಸಿಡಿಲು ಹೊಲದಲ್ಲಿ ಆಳುಗಳಿರುವಾಗಲೇ ಬೀಳುತ್ತದೆ ಎಂದು. ಹೋಲಿಕೆಯ ಶಬ್ದ, ವೇಗ, ಭಯ ಆಗ ಒಟ್ಟಿಗೆ ಬರುತ್ತವೆ. ಆಮೇಲೆ ನಾಲ್ಕು ಅಂಗಗಳ ಹೆಸರು ಹೇಳಿದರೆ ಅದಾಗಲೇ ಅನುಭವಿಸಿದ್ದಕ್ಕೆ ಹೆಸರು ಸಿಕ್ಕಂತಾಗುತ್ತದೆ.

ಆದರೆ ನನಗೆ ಈ ಲಾವಣಿಯಲ್ಲಿ ಇದಕ್ಕಿಂತ ದೊಡ್ಡದೆನಿಸುವುದು ಲೂಟಿಯ ವಿವರ. ದಂಡಿನವರು ಒಯ್ದ ಸಾಮಾನುಗಳನ್ನು ಲಾವಣಿಕಾರ ಸುಮ್ಮನೆ ಎಣಿಸುತ್ತ ಹೋಗುತ್ತಾನೆ. ಕೊಡಲಿಯಂಥ ಕಬ್ಬಿಣದ ಸಾಮಾನಿನಿಂದ ಹಾಲು ಮೊಸರಿಗೆ, ಅಲ್ಲಿಂದ ಉಪ್ಪು ಎಣ್ಣೆ ಜೀರಿಗೆಗೆ, ಕೊನೆಗೆ ತಾಳಿಗೆ, ಬೀಸುಕಲ್ಲಿಗೆ ಬರುತ್ತಾನೆ. ಇಲ್ಲಿ ‘ಹಾಂಗ’ ಎಂಬ ವಾಚಕವಿಲ್ಲ, ಉಪಮೆಯಿಲ್ಲ, ರೂಪಕವಿಲ್ಲ. ಅಲಂಕಾರ ಹುಡುಕಲು ಮಾತ್ರ ಕಲಿತ ಮಗು ಈ ಭಾಗವನ್ನು ದಾಟಿಕೊಂಡು ಹೋಗುತ್ತದೆ. ಶಿಕ್ಷಕರು ಕೇಳಬೇಕು: ಹತಾರ ಹುಡುಕಲು ಬಂದವರಿಗೆ ಜೀರಿಗೆ ಯಾಕೆ ಬೇಕಾಯಿತು? ತಾಳಿಯನ್ನು ಪಟ್ಟಿಯ ಮೊದಲಿಗೆ ತಂದಿದ್ದರೆ ಏನಾಗುತ್ತಿತ್ತು? ಮಕ್ಕಳು ಕ್ರಮ ಬದಲಿಸಿ ಹೇಳಿ ನೋಡಲಿ. ಆಗ ಪಟ್ಟಿಯ ಹಿಂದಿರುವ ಕವಿಯ ಲೆಕ್ಕಾಚಾರ ತಾನಾಗಿ ಕಾಣುತ್ತದೆ.

ನಾಲ್ಕನೆಯ ಅವಧಿ ಮಗುವಿನ ಸ್ವಂತ ಮಾತಿಗೆ. ಓದುಗ ತನ್ನ ಬದುಕನ್ನು ಜೊತೆಗೆ ತರುತ್ತಾನೆ, ಅವನಿಗೂ ಪದ್ಯಕ್ಕೂ ನಡುವೆ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂದು ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ 1938ರಿಂದಲೇ ವಾದಿಸಿದರು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆತನಗಳಿವೆ. 2019ರ ಆಗಸ್ಟಿನ ಹೊಳೆಯ ಪ್ರವಾಹ ಜಮಖಂಡಿ, ಮುಧೋಳಗಳ ಹಳ್ಳಿಗಳಲ್ಲಿ ಇನ್ನೂ ಮಾತಿನಲ್ಲಿದೆ. ಅಲ್ಲಿನ ಮಗು ಅಜ್ಜಿಯನ್ನು ಕೇಳಿ, ಹಳೆಯ ಮನೆಯಲ್ಲಿ ಬಿಟ್ಟುಬಂದ ಸಾಮಾನುಗಳ ಪಟ್ಟಿಯನ್ನು ಲಾವಣಿಯ ಕ್ರಮದಲ್ಲಿ, ಹೊರಗಿನಿಂದ ಒಳಗೆ ಬರುವಂತೆ ಬರೆಯಬಹುದು. ರಬಕವಿ–ಬನಹಟ್ಟಿಯ ನೇಕಾರರ ಮನೆಯ ಮಗುವಿನ ಪಟ್ಟಿ ಮಗ್ಗದಿಂದ, ಲಾಳಿಯಿಂದ ಶುರುವಾದೀತು. ಬರೆದು ಮುಗಿಸಿದ ಮೇಲೆ ಮರಳಿ ಪದ್ಯಕ್ಕೆ ಬಂದು, ನನ್ನ ಪಟ್ಟಿಯಲ್ಲಿ ಕೊನೆಯ ಸಾಮಾನು ಯಾವುದು, ಲಾವಣಿಕಾರ ಬೀಸುಕಲ್ಲನ್ನು ಯಾಕೆ ಬಿಡಲಿಲ್ಲ ಎಂದು ಎರಡು ಮಾತು ಸೇರಿಸಬೇಕು. ಆ ಮರಳುವಿಕೆ ಇಲ್ಲದಿದ್ದರೆ ಪ್ರತಿಕ್ರಿಯೆ ‘ಬೇಡರ ಶೌರ್ಯ ನನಗೆ ಮೆಚ್ಚುಗೆಯಾಯಿತು’ ಎಂಬ, ಯಾವ ಪದ್ಯಕ್ಕೂ ಅಂಟಿಸಬಹುದಾದ ಮಾತಾಗುತ್ತದೆ. ಇದೇ ಬರಹವನ್ನು ಮೊದಲ ದಿನ ಬರೆಸಿದರೂ ಹಾಗೆಯೇ ಆಗುತ್ತದೆ; ಪದ್ಯವೇ ಇನ್ನೂ ಒಳಗೆ ಇಳಿದಿರುವುದಿಲ್ಲವಲ್ಲ.

ಈ ಕ್ರಮಕ್ಕೆ ಮಿತಿಯೂ ಇದೆ, ಅದು ಮುಧೋಳದ ಕವಿಯೊಬ್ಬನಿಂದ ಗೊತ್ತಾಗುತ್ತದೆ. ರನ್ನ ಹುಟ್ಟಿದ್ದು ಇಲ್ಲಿಯೇ, ಬಳೆಗಾರರ ಮನೆತನದಲ್ಲಿ. ಅವನ ‘ಗದಾಯುದ್ಧ’ದ ದುರ್ಯೋಧನನ ಪ್ರಸಂಗವೂ ಹತ್ತನೆಯ ತರಗತಿಗೆ ಪಾಠವಾಗಿದೆ. ಹಳಗನ್ನಡದ ವೃತ್ತವನ್ನು ಗಮಕಿಗಳು ವಾಚಿಸಿದರೆ ದುರ್ಯೋಧನನ ಸೆಟೆದ ದನಿ ಮಕ್ಕಳಿಗೆ ಖಂಡಿತ ಕೇಳುತ್ತದೆ. ಆದರೆ ಏನಾಯಿತು ಎಂದು ಹೇಳಲು ಆಗುವುದಿಲ್ಲ. ಅಲ್ಲಿ ಸನ್ನಿವೇಶವನ್ನು ಮೊದಲೇ ಹೇಳಬೇಕು: ತಮ್ಮಂದಿರೆಲ್ಲ ಸತ್ತಿದ್ದಾರೆ, ಕರ್ಣ ಸತ್ತಿದ್ದಾನೆ, ಹಿರಿಯರು ಸಂಧಿ ಮಾಡಿಕೋ ಎನ್ನುತ್ತಿದ್ದಾರೆ, ಇವನು ಒಲ್ಲೆ ಎನ್ನುತ್ತಾನೆ. ಆಮೇಲೆ ವಾಚನ, ಆಮೇಲೆ ಸಂಧಿ ಬಿಡಿಸಿ ಅನ್ವಯ, ಮತ್ತೆ ಇಡಿಯಾಗಿ ವಾಚನ. ಕೇಳುವುದು ಎರಡು ಕಡೆ ಬರುತ್ತದೆ, ಅರ್ಥದ ಮುಂಚೆ ಒಮ್ಮೆ, ಅರ್ಥವಾದ ಮೇಲೆ ಇನ್ನೊಮ್ಮೆ. ಎರಡನೆಯ ವಾಚನಕ್ಕೆ ಸಮಯವಿಲ್ಲವೆಂದು ಬಿಟ್ಟುಬಿಡುವ ಶಿಕ್ಷಕರಿಗೆ ನನ್ನದೊಂದು ಕೋರಿಕೆ: ಬೇಕಾದರೆ ಒಂದು ಪದ್ಯವನ್ನು ಕಡಿಮೆ ವಿವರಿಸಿ, ಆದರೆ ಆ ಐದು ನಿಮಿಷವನ್ನು ಉಳಿಸಿಕೊಳ್ಳಿ. ತಿಳಿದು ಕೇಳುವಾಗ ಮಕ್ಕಳು ಯಾವ ಮಾತಿನಲ್ಲಿ ತಲೆ ಎತ್ತುತ್ತಾರೆ ಎಂದು ನೋಡಿ. ಅಲಂಕಾರದ ಮಾತನ್ನು ಅಲ್ಲಿಂದಲೇ ಆರಂಭಿಸಬಹುದು.