ಹೋದ ದುಡ್ಡಿನ ಲೆಕ್ಕ



ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಭಾಷಣ ಮಾಡಿ ಅಭ್ಯಾಸ ಇಲ್ಲ, ನನ್ನ ಕೆಲಸದಿಂದಲೇ ಶುರು ಮಾಡ್ತೀನಿ. ಸುಟ್ಟ ಪಂಪ್ ಮೋಟಾರು ತಂದವರು ಒಂದು ಮಾತು ಹೇಳೇ ಹೇಳ್ತಾರೆ: "ಎರಡು ಸಲ ವೈಂಡಿಂಗ್ ಮಾಡಿಸಿದ್ದೀನಿ, ಅಷ್ಟು ದುಡ್ಡು ಹಾಕಿ ಈಗ ಬಿಸಾಕೋದಾ?" ನಾವು ನೋಡೋದು ಬೇರೆ. ಬೇರಿಂಗ್ ಹೇಗಿದೆ, ಕೋರ್ ಸುಟ್ಟಿದೆಯಾ, ಇನ್ನೊಮ್ಮೆ ಸುತ್ತಿದರೆ ಎಷ್ಟು ದಿನ ಓಡೀತು, ಹೊಸದಕ್ಕೆ ಎಷ್ಟಾಗುತ್ತೆ. ಹಳೇ ಬಿಲ್ಲು ಎಷ್ಟೇ ಇರಲಿ, ಮೋಟಾರಿಗೆ ಅದು ಗೊತ್ತಿಲ್ಲ. ವಾಪಸ್ ಬಾರದ ಖರ್ಚನ್ನು ನೆನೆದು ಮುಂದಿನ ತೀರ್ಮಾನ ಮಾಡೋ ಈ ತಪ್ಪಿಗೆ ಅರ್ಥಶಾಸ್ತ್ರದವರು 'ಸಂಕ್ ಕಾಸ್ಟ್' ಭ್ರಮೆ ಅಂತಾರೆ. ಹೋದ ದುಡ್ಡಿನ ಭ್ರಮೆ ಅನ್ನಿ.

ಈ ಭ್ರಮೆ ನಮ್ಮನ್ನು ಜಾಸ್ತಿ ಹಿಡಿಯೋದು ಸಂಬಳ ಕೊಡದ ಕಂಪನಿಯಲ್ಲಿ. ದುಬೈಯಲ್ಲಿ ನಮ್ಮ ಪಕ್ಕದ ರೂಮಿನ ಹುಡುಗನೊಬ್ಬನ ಲೆಕ್ಕ ಹೇಳ್ತೀನಿ. ಊರಲ್ಲಿ ಏಜೆಂಟಿಗೆ 1,20,000 ರೂಪಾಯಿ ಕೊಟ್ಟು ಬಂದಿದ್ದ, ಹೆಂಡತಿ ಒಡವೆ ಅಡವಿಟ್ಟು. ಸಂಬಳ 1,600 ದಿರ್ಹಂ, ಅದರಲ್ಲಿ ಬೇಸಿಕ್ 1,000. ಎರಡು ವರ್ಷ ಎರಡು ತಿಂಗಳಾಗಿತ್ತು, ಮೂರು ತಿಂಗಳ ಸಂಬಳ ಬಾಕಿ. ಸೈಟಿಗೆ ಸಾಮಾನು ಬರೋದು ನಿಂತಿತ್ತು, ಅವಧಿ ಮುಗಿದ ಲೇಬರ್ ಕಾರ್ಡುಗಳು ರಿನ್ಯೂ ಆಗಿರಲಿಲ್ಲ. ಬೇರೆ ಕಂಪನಿಯಿಂದ 1,700 ದಿರ್ಹಮಿನ ಆಫರ್ ಲೆಟರ್ ಕೈಯಲ್ಲಿತ್ತು. ಆದರೂ ಅವನ ಮಾತು: "ಇಷ್ಟೆಲ್ಲಾ ಸುರಿದು ಬಂದಿದ್ದೀನಿ, ಹೆಂಗೆ ಬಿಡ್ಲಿ ಅಣ್ಣಾ?"

ಒಂದು ಹಾಳೆಯಲ್ಲಿ ಎರಡು ಕಾಲಂ ಬರೆದೆವು. ಒಂದು 'ಇದ್ದರೆ', ಇನ್ನೊಂದು 'ಬಿಟ್ಟರೆ'. ಎರಡೂ ಕಡೆ ಒಂದೇ ಥರ ಬರೋದನ್ನು ಹೊಡೆದುಹಾಕಬೇಕು, ಅಷ್ಟೇ ನಿಯಮ.

ಮೊದಲು ಏಜೆಂಟಿನ ದುಡ್ಡು. ಇದ್ದರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಹೊಡೆದುಹಾಕಿದೆವು. ಒಡವೆ ಸಾಲ ಎರಡೂ ಕಡೆ ಇದೆ, ಆದರೆ ಅದನ್ನು ತೀರಿಸೋಕೆ ತಿಂಗಳು ತಿಂಗಳು ಕೈಗೆ ಬರೋ ಸಂಬಳ ಬೇಕು. ಅದು ಇದ್ದದ್ದು ಹೊಸ ಕೆಲಸದ ಕಡೆ.

ಎರಡನೆಯದು ಬಾಕಿ ಸಂಬಳ, 4,800 ದಿರ್ಹಂ. ಇಲ್ಲಿ ಹುಷಾರಾಗಿರಬೇಕು, ಇದು ಹೋದ ದುಡ್ಡಲ್ಲ, ನಮಗೆ ಬರಬೇಕಾದ ದುಡ್ಡು. ಆದರೆ ಕೆಲಸ ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗಲ್ಲ. ಅದನ್ನು ಕೇಳೋ ದಾರಿ ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಅಂದರೆ ಮೊಹ್ರೆಗೆ ದೂರು ಕೊಡೋದು. ಸುಮ್ಮನೆ ಕಾಯ್ತಾ ಕೂತರೆ ನಾಲ್ಕು ತಿಂಗಳಲ್ಲಿ 4,800 ಹೋಗಿ 11,200 ಬಾಕಿ ಆಗುತ್ತೆ. ಕಂಪನಿ ಮುಚ್ಚಿದರೆ ಸಿಕ್ಕಿಹಾಕಿಕೊಳ್ಳೋದು ಅಷ್ಟೂ. ದೂರಿಗೆ ಕಾಲಮಿತಿಯೂ ಇದೆ, ಎಳೆಯಬಾರದು.

ಮೂರನೆಯದು ಗ್ರಾಚ್ಯುಟಿ. ಇಲ್ಲಿನ ಕಾನೂನಿನಲ್ಲಿ ಒಂದು ವರ್ಷ ತುಂಬಿದವರಿಗೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಅವನಿಗೆ ವರ್ಷಕ್ಕೆ 700, ಒಟ್ಟು ಸುಮಾರು 1,500 ದಿರ್ಹಂ. 2022ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ರಾಜೀನಾಮೆ ಕೊಟ್ಟರೂ ಇದು ಕಡಿಮೆಯಾಗಲ್ಲ. ಇದನ್ನೂ ಹೊಡೆದೆವು. ಆದರೆ ಹನ್ನೊಂದು ತಿಂಗಳಷ್ಟೇ ಆಗಿದ್ದು, ಸಂಬಳವೂ ಸರಿಯಾಗಿ ಬರ್ತಾ ಇದ್ದಿದ್ದರೆ ಇನ್ನೊಂದು ತಿಂಗಳು ಕಾಯಿ ಅಂತಿದ್ದೆ. ಆ ಒಂದು ತಿಂಗಳಿಗೆ ಸಂಬಳದ ಮೇಲೆ 700 ಸಿಗುತ್ತೆ, ಅದು ಮುಂದೆ ಬರೋ ಲಾಭ. ಕೋರ್ಸಿನಲ್ಲೂ ಹಾಗೇ. ಕೊನೆಯ ಪರೀಕ್ಷೆ ಮಾತ್ರ ಬಾಕಿ ಇದ್ದು ಸರ್ಟಿಫಿಕೇಟಿಗೆ ಬೆಲೆ ಇದ್ದರೆ ಮುಗಿಸೋದು ಸರಿ. "ಎರಡು ವರ್ಷದ ಫೀಸು ಕಟ್ಟಿದ್ದೀನಿ" ಅನ್ನೋದೊಂದೇ ಕಾರಣಕ್ಕೆ ಇನ್ನೆರಡು ವರ್ಷ ಕಟ್ಟೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಾಳೆಯಲ್ಲಿ ಉಳಿದದ್ದು ಇಷ್ಟು: ಒಂದು ಕಡೆ ಬಂದರೂ ಬರಬಹುದಾದ 1,600, ಇನ್ನೊಂದು ಕಡೆ ಬರವಣಿಗೆಯಲ್ಲಿರೋ 1,700.

ಹಾಗಂತ ಹೇಳದೆ ಕೇಳದೆ ಓಡಿಹೋಗಬೇಡಿ. ಪರಾರಿ ಅಂತ ಕಂಪನಿ ದೂರು ಕೊಟ್ಟರೆ ಹೊಸ ಪರ್ಮಿಟ್ಟಿಗೇ ತೊಂದರೆ. ಹೊಸ ಆಫರ್ ಬಾಯಿಮಾತಾಗಿದ್ದರೆ ಅದನ್ನು ಕಾಲಂನಲ್ಲಿ ಬರೀಬೇಡಿ. ಒಪ್ಪಂದದಲ್ಲಿರೋ ನೋಟಿಸ್ ಅವಧಿ ನೋಡಿ, ಸಾಮಾನ್ಯವಾಗಿ 30ರಿಂದ 90 ದಿನ ಇರುತ್ತೆ. ಈ ಹುಡುಗ ಮೊದಲು ದೂರು ಕೊಟ್ಟ, ಆಮೇಲೆ ನೋಟಿಸ್ ಕೊಟ್ಟ. ಈಗ ಹೊಸ ಕಂಪನಿಯಲ್ಲಿದ್ದಾನೆ. ಬಾಕಿ ಪೂರ್ತಿ ಬಂದಿಲ್ಲ, ಕಂತಿನಲ್ಲಿ ಬರ್ತಾ ಇದೆ. ಒಡವೆ ಇನ್ನೂ ಬಿಡಿಸಿಲ್ಲ, ಆದರೆ ಬಡ್ಡಿ ತಪ್ಪದೆ ಕಟ್ತಾ ಇದ್ದಾನೆ.

ನಿಮ್ಮ ರೂಮಿನಲ್ಲಿ ಯಾರಾದರೂ "ಇಷ್ಟು ಹಾಕಿದ್ದೀನಲ್ಲ" ಅಂದರೆ, ಅವರಿಗೆ ಒಂದು ಪ್ರಶ್ನೆ ಕೇಳಿ: "ಒಂದು ರೂಪಾಯಿಯೂ ಖರ್ಚಿಲ್ಲದೆ ಇವತ್ತೇ ಇಲ್ಲಿಗೆ ಬಂದಿದ್ದರೆ, ಈ ಕೆಲಸಕ್ಕೆ ಸೇರ್ತಿದ್ದೆಯಾ?" ಅವರು ಏನು ಹೇಳ್ತಾರೋ ಅಲ್ಲಿಂದ ಲೆಕ್ಕ ಶುರು ಮಾಡಿ.