ತಿದ್ದಿದ ಚೆಕ್ ಏಕೆ ಹಿಂದಿರುಗುತ್ತದೆ?

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಲೆಕ್ಕಪತ್ರ ಸಮಿತಿಯ ಪರವಾಗಿ ಆಡಿದ ಮಾತುಗಳ ಬರಹರೂಪ)





ಪ್ರತಿ ವರ್ಷ ಈ ವೇದಿಕೆಯಲ್ಲಿ ನಾವು ಆಯವ್ಯಯ ಓದಿ ಕುಳಿತುಕೊಳ್ಳುತ್ತಿದ್ದೆವು. ಈ ಸಲ ಆಯವ್ಯಯದ ಪ್ರತಿ ನಿಮ್ಮ ಕೈಯಲ್ಲೇ ಇದೆ. ಹಾಗಾಗಿ ನಮಗೆ ಸಿಕ್ಕಿರುವ ಹತ್ತು ನಿಮಿಷವನ್ನು ಚೆಕ್ ಬರೆಯುವ ವಿಷಯಕ್ಕೆ ಬಳಸುತ್ತೇವೆ. ಇಷ್ಟು ಸಣ್ಣ ವಿಷಯವೇ ಎಂದು ಕೇಳಬೇಡಿ. ಕಾರಣ ಹೇಳುತ್ತೇವೆ.

ಕಳೆದ ಜುಲೈಯಲ್ಲಿ ನಮ್ಮ ಹಳೆಯ ದಾನಿಯೊಬ್ಬರು ನರ್ಸಿಂಗ್ ಓದುತ್ತಿರುವ ಒಬ್ಬ ಹೆಣ್ಣುಮಗಳ ಎರಡನೇ ವರ್ಷದ ಶುಲ್ಕಕ್ಕೆಂದು ತಮ್ಮ ಝಕಾತಿನಿಂದ 37,500 ರೂಪಾಯಿಯ ಚೆಕ್ ಕೊಟ್ಟರು. ಅಂಕಿಯಲ್ಲಿ ಮೊತ್ತ ಸರಿಯಾಗಿತ್ತು. ಅಕ್ಷರದಲ್ಲಿ ಬರೆಯುವಾಗ ಮಾತ್ರ ಕೈತಪ್ಪಿ 'ಮೂವತ್ತೈದು ಸಾವಿರದ ಐನೂರು' ಎಂದಾಗಿತ್ತು. ಅವರು 'ಮೂವತ್ತೈದು' ಎಂಬುದನ್ನು ಒಂದು ಗೆರೆ ಎಳೆದು ಹೊಡೆದು, ಮೇಲೆ 'ಮೂವತ್ತೇಳು' ಎಂದು ಬರೆದು, ಪಕ್ಕದಲ್ಲಿ ಪೂರ್ತಿ ಸಹಿ ಹಾಕಿದರು. ನಮ್ಮ ಕಚೇರಿಯವರೂ ಅದನ್ನು ನೋಡಿ ಸಹಿ ಇದೆಯಲ್ಲ ಎಂದು ಬ್ಯಾಂಕಿಗೆ ಹಾಕಿದರು. ಮರುದಿನ ಚೆಕ್ ಹಿಂದಿರುಗಿತು. ಖಾತೆಯಲ್ಲಿ ಬೇಕಾದಷ್ಟು ಹಣವಿತ್ತು. ಚೆಕ್ಕಿನ ಮೇಲೆ ತಿದ್ದುಪಡಿ ಇದೆ ಎಂಬುದೊಂದೇ ಕಾರಣ. ಅಷ್ಟರಲ್ಲಿ ಆ ದಾನಿ ಉಮ್ರಾಕ್ಕೆ ಹೊರಟುಹೋಗಿದ್ದರು, ಚೆಕ್ ಪುಸ್ತಕ ಮನೆಯ ಕಪಾಟಿನಲ್ಲಿತ್ತು. ಅವರು ಮರಳಿ ಹೊಸ ಚೆಕ್ ಬರೆದುಕೊಡುವ ಹೊತ್ತಿಗೆ ಶುಲ್ಕ ಕಟ್ಟುವ ಕೊನೆಯ ದಿನ ದಾಟಿತ್ತು. ಮಗು ದಂಡ ಸಮೇತ ಶುಲ್ಕ ಕಟ್ಟಬೇಕಾಯಿತು. ದಂಡದ ಹಣ ದೊಡ್ಡದಲ್ಲ. ಆದರೆ ಆ ಎರಡು ವಾರ ಆ ತಾಯಿ ಮಗಳು ದಿನಕ್ಕೊಮ್ಮೆ ನಮ್ಮ ಕಚೇರಿಯ ಬಾಗಿಲಿಗೆ ಬಂದು ಹೋಗುತ್ತಿದ್ದುದನ್ನು ನಾವು ಮರೆತಿಲ್ಲ. ದಾನಿಗೂ ಬಹಳ ಬೇಸರವಾಯಿತು, ಏಕೆಂದರೆ ಅವರು ತಮಗೆ ಗೊತ್ತಿದ್ದ ನಿಯಮವನ್ನು ಪಾಲಿಸಿಯೇ ಸಹಿ ಹಾಕಿದ್ದರು.

ಅವರಿಗೆ ಗೊತ್ತಿದ್ದ ನಿಯಮ ಒಂದು ಕಾಲಕ್ಕೆ ಸರಿಯೇ ಆಗಿತ್ತು. ತಿದ್ದಿದ ಕಡೆ ಪೂರ್ತಿ ಸಹಿ ಹಾಕಿದರೆ ಬ್ಯಾಂಕು ಒಪ್ಪುತ್ತಿತ್ತು. ನಮ್ಮಲ್ಲಿ ಐವತ್ತು ದಾಟಿದವರೆಲ್ಲ ಹಾಗೆಯೇ ಕಲಿತವರು. ಅದು ಬದಲಾಗಿದ್ದು ಚೆಕ್ಕಿನ ಪ್ರಯಾಣ ಬದಲಾದ ಮೇಲೆ. ಹಿಂದೆ ನಾವು ನಮ್ಮ ಬ್ಯಾಂಕಿಗೆ ಹಾಕಿದ ಚೆಕ್ ಕಾಗದವಾಗಿಯೇ ದಾನಿಯ ಬ್ಯಾಂಕಿಗೆ ಹೋಗುತ್ತಿತ್ತು. ಅಲ್ಲಿನ ಅಧಿಕಾರಿ ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಶಾಯಿ ನೋಡಿ ತೀರ್ಮಾನಿಸುತ್ತಿದ್ದರು. ಈಗ ಕಾಗದ ನಮ್ಮ ಬ್ಯಾಂಕಿನಲ್ಲೇ ನಿಲ್ಲುತ್ತದೆ. ಹೋಗುವುದು ಸ್ಕ್ಯಾನ್ ಮಾಡಿದ ಚಿತ್ರ ಮಾತ್ರ. ಇದಕ್ಕೆ ಚೆಕ್ ಟ್ರಂಕೇಶನ್ ಪದ್ಧತಿ, ಅಂದರೆ ಸಿಟಿಎಸ್ ಎನ್ನುತ್ತಾರೆ. ಬಣ್ಣವಿಲ್ಲದ ಆ ಚಿತ್ರ ನೋಡಿ, ತಿದ್ದಿದವರು ಖಾತೆದಾರರೋ ಬೇರೆಯವರೋ, ಎರಡೂ ಒಂದೇ ಪೆನ್ನೋ ಅಲ್ಲವೋ ಎಂದು ಹೇಳಲು ಆ ಅಧಿಕಾರಿಗೆ ದಾರಿಯಿಲ್ಲ. ಆದ್ದರಿಂದಲೇ ಸಿಟಿಎಸ್ ಮೂಲಕ ಹೋಗುವ ಚೆಕ್ಕುಗಳಲ್ಲಿ ಪಡೆಯುವವರ ಹೆಸರು, ಅಂಕಿಯ ಮೊತ್ತ, ಅಕ್ಷರದ ಮೊತ್ತ ಇವುಗಳಲ್ಲಿ ಯಾವುದನ್ನೂ ತಿದ್ದುವಂತಿಲ್ಲ, ತಪ್ಪಾದರೆ ಹೊಸ ಹಾಳೆಯಲ್ಲೇ ಬರೆಯಬೇಕು ಎಂದು ರಿಸರ್ವ್ ಬ್ಯಾಂಕ್ 2010ರಲ್ಲಿ ಹೇಳಿತು. ಆ ವರ್ಷದ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಪಕ್ಕದಲ್ಲಿ ಹತ್ತು ಸಹಿ ಹಾಕಿದರೂ ತಿದ್ದುಪಡಿ ತಿದ್ದುಪಡಿಯೇ.

ಇದರ ಹಿಂದೆ ಕಾನೂನಿನ ಕಾರಣವೂ ಇದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ, ತಿದ್ದಿದ್ದು ಮೇಲ್ನೋಟಕ್ಕೆ ಕಾಣದಂತಹ ಚೆಕ್ಕಿಗೆ ಬ್ಯಾಂಕು ಕ್ರಮಬದ್ಧವಾಗಿ ಹಣ ಕೊಟ್ಟಿದ್ದರೆ ಅದಕ್ಕೆ ರಕ್ಷಣೆ ಇದೆ. ತಿದ್ದಿದ್ದು ಕಣ್ಣಿಗೆ ಕಾಣುತ್ತಿದ್ದೂ ಕೊಟ್ಟರೆ ಆ ರಕ್ಷಣೆ ಇಲ್ಲ. ನಾಳೆ ಖಾತೆದಾರರು ನಾನು ತಿದ್ದಿಲ್ಲ ಎಂದರೆ ನಷ್ಟ ಬ್ಯಾಂಕಿನದು. ಹೀಗಿರುವಾಗ ಅವರು ಚೆಕ್ ಹಿಂದಿರುಗಿಸುವುದು ನಮ್ಮ ಮೇಲಿನ ಸಿಟ್ಟಿನಿಂದಲ್ಲ.

ಬರೆದದ್ದರ ಮೇಲೆಯೇ ಒತ್ತಿ ಬರೆಯುವುದು, 1 ಅನ್ನು 7 ಮಾಡುವುದು, ಮಸುಕಾದ ಅಕ್ಷರವನ್ನು ಮತ್ತೆ ತೀಡುವುದು, ಬಿಳಿ ಬಣ್ಣ ಹಚ್ಚುವುದು ಎಲ್ಲವೂ ಚಿತ್ರದಲ್ಲಿ ತಿದ್ದುಪಡಿಯಂತೆಯೇ ಕಾಣುತ್ತವೆ. ತಪ್ಪಾದ ಹಾಳೆಯ ಮೇಲೆ ಅಡ್ಡಲಾಗಿ 'ರದ್ದು' ಎಂದು ಬರೆದು ನಿಮ್ಮಲ್ಲೇ ಇಟ್ಟುಕೊಂಡು, ಮುಂದಿನ ಹಾಳೆ ತೆಗೆಯಿರಿ. ಹಾಳೆಯೊಂದು ಹಾಳಾಯಿತಲ್ಲ ಎಂಬ ಸಂಕೋಚ ಬೇಡ.

ಇನ್ನು ಆ 37,500 ರೂಪಾಯಿಯ ಚೆಕ್ಕನ್ನೇ ಮೊದಲಿನಿಂದ ಸರಿಯಾಗಿ ಬರೆಯೋಣ. ಅಳಿಸಿಹೋಗದ ಕಪ್ಪು ಅಥವಾ ಗಾಢ ನೀಲಿ ಬಾಲ್‌ಪೆನ್ ತೆಗೆದುಕೊಳ್ಳಿ.

ಮೊದಲು ದಿನಾಂಕ. ಮೇಲೆ ಬಲಗಡೆ ಎಂಟು ಚೌಕಗಳಿವೆ. ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು. ಝಕಾತಿನ ಲೆಕ್ಕವನ್ನು ನೀವು ಹಿಜರಿ ವರ್ಷಕ್ಕೆ ಮಾಡಿದರೂ ಚೆಕ್ಕಿನ ಮೇಲೆ ಇಂಗ್ಲಿಷ್ ಕ್ಯಾಲೆಂಡರಿನ ದಿನಾಂಕವನ್ನೇ ಬರೆಯಿರಿ. ಈ ದಿನಾಂಕದಿಂದ ಮೂರು ತಿಂಗಳು ಮಾತ್ರ ಚೆಕ್ಕಿಗೆ ಆಯುಷ್ಯ. ಹಿಂದೆ ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರಕ್ಕೆ ಇಳಿದಿದೆ. ಎಣಿಕೆ ಶುರುವಾಗುವುದು ಚೆಕ್ಕಿನಲ್ಲಿ ಬರೆದ ದಿನಾಂಕದಿಂದ, ನೀವು ಅದನ್ನು ನಮ್ಮ ಕೈಗೆ ಕೊಟ್ಟ ದಿನದಿಂದಲ್ಲ. ರಮಝಾನಿನ ಮೊದಲ ವಾರದ ದಿನಾಂಕ ಹಾಕಿ ಬರೆದಿಟ್ಟ ಚೆಕ್ ಬಕ್ರೀದ್ ಹೊತ್ತಿಗೆ ನಮ್ಮ ಕೈ ಸೇರಿದರೆ ಅದರ ಅವಧಿ ಬಹುಮಟ್ಟಿಗೆ ಮುಗಿದೇ ಹೋಗಿರುತ್ತದೆ. ಅವಧಿ ಮುಗಿದ ಚೆಕ್ಕಿನ ದಿನಾಂಕವನ್ನು ಮಾತ್ರ ಖಾತೆದಾರರು ಬದಲಿಸಿ ಸಹಿ ಹಾಕಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಆದರೂ ಹೊಸ ಚೆಕ್ ಬರೆಯುವುದೇ ಕ್ಷೇಮ.

ಎರಡನೆಯದು ಹೆಸರು. ಟ್ರಸ್ಟಿನ ಹೆಸರನ್ನು ರಸೀದಿಯಲ್ಲಿ ಇರುವಂತೆಯೇ ಪೂರ್ತಿ ಬರೆಯಿರಿ, ಮುಂದೆ ಜಾಗ ಉಳಿದರೆ ಗೆರೆ ಎಳೆಯಿರಿ. ಝಕಾತ್ ಮತ್ತು ಸಾಮಾನ್ಯ ದೇಣಿಗೆಗೆ ನಾವು ಬೇರೆ ಬೇರೆ ಖಾತೆ ಇಟ್ಟಿದ್ದೇವೆ. ಆದ್ದರಿಂದ ಯಾವ ಉದ್ದೇಶಕ್ಕೆ ಎಂಬುದನ್ನು ಚೆಕ್ಕಿನ ಜೊತೆ ಒಂದು ಚೀಟಿಯಲ್ಲಿ ಬರೆದುಕೊಡಿ. ಚೆಕ್ಕಿನ ಮೇಲೆ ಬರೆಯಬೇಡಿ.

ಮೂರನೆಯದು ಅಕ್ಷರದ ಮೊತ್ತ. ಮುದ್ರಿತ 'ರುಪೀಸ್' ಪದಕ್ಕೆ ಅಂಟಿಕೊಂಡಂತೆ ಶುರುಮಾಡಿ. ಎಡಗಡೆ ಜಾಗ ಬಿಟ್ಟು 'ಫೈವ್ ಥೌಸಂಡ್' ಎಂದು ಬರೆದರೆ, ಅದರ ಹಿಂದೆ 'ಟ್ವೆಂಟಿ' ಸೇರಿಸುವುದು ಮೋಸಗಾರನಿಗೆ ಒಂದು ಕ್ಷಣದ ಕೆಲಸ. ಅಂಕಿಯಲ್ಲಿ ಐದರ ಹಿಂದೆ ಎರಡು ಬರೆದರೆ ಮುಗಿಯಿತು. ಕನ್ನಡದಲ್ಲೂ ಧಾರಾಳವಾಗಿ ಬರೆಯಬಹುದು. 'ಮೂವತ್ತೇಳು ಸಾವಿರದ ಐನೂರು ರೂಪಾಯಿ ಮಾತ್ರ'. 'ಮಾತ್ರ' ಎಂಬುದು ಬಾಗಿಲಿಗೆ ಚಿಲಕ ಹಾಕಿದಂತೆ, ಅದನ್ನು ಬಿಡಬೇಡಿ. ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಅಂಕಿಯನ್ನೂ ರೂಪಾಯಿ ಚಿಹ್ನೆಗೆ ತಾಗಿಸಿ '37,500/-' ಎಂದು ಬರೆಯಿರಿ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವುದೇ ಮೊತ್ತ ಎಂದು ಕಾಯ್ದೆ ಹೇಳುತ್ತದೆ. ಆದರೆ ಬ್ಯಾಂಕುಗಳು ಅಷ್ಟು ದೂರ ಹೋಗುವುದಿಲ್ಲ, ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ ಹಿಂದಿರುಗಿಸುತ್ತವೆ. ನಮ್ಮ ಸಲಹೆಯೆಂದರೆ ಅಕ್ಷರವನ್ನು ಮೊದಲು ಬರೆದು, ಅದನ್ನು ಬಾಯಿಬಿಟ್ಟು ಓದಿ, ಆಮೇಲೆ ಅಂಕಿ ಬರೆಯಿರಿ.

ನಾಲ್ಕನೆಯದು ಕ್ರಾಸಿಂಗ್. ಎಡಗಡೆಯ ಮೇಲಿನ ಮೂಲೆಯಲ್ಲಿ ಎರಡು ಸಮಾನಾಂತರ ಗೆರೆ ಎಳೆದರೆ ಆ ಚೆಕ್ಕಿಗೆ ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಯಾವುದಾದರೂ ಖಾತೆಯ ಮೂಲಕವೇ ಹೋಗಬೇಕು. ಗೆರೆಗಳ ನಡುವೆ 'ಅಕೌಂಟ್ ಪೇಯೀ' ಎಂದು ಬರೆದರೆ ಹೆಸರಿರುವವರ ಖಾತೆಗೇ ಜಮೆಯಾಗಬೇಕು. ಹೆಸರಿನ ಸಾಲಿನ ಕೊನೆಯಲ್ಲಿ ಮುದ್ರಿತವಾಗಿರುವ 'ಆರ್ ಬೇರರ್' ಎಂಬುದನ್ನೂ ಹೊಡೆದುಹಾಕಿ. ಇದನ್ನು ತಿದ್ದುಪಡಿ ಎಂದು ಯಾರೂ ಎಣಿಸುವುದಿಲ್ಲ. ಕ್ರಾಸ್ ಮಾಡದ ಬೇರರ್ ಚೆಕ್ ದಾರಿಯಲ್ಲಿ ಬಿದ್ದುಹೋದರೆ ಸಿಕ್ಕವರು ನಗದು ಮಾಡಿಕೊಳ್ಳಬಹುದು. ಗೆರೆ ಎಳೆಯುವಾಗ ಅದು ಹೆಸರು, ಮೊತ್ತಗಳ ಮೇಲೆ ಹಾಯದಿರಲಿ.

ಕೊನೆಗೆ ಸಹಿ. ಬ್ಯಾಂಕಿನಲ್ಲಿ ಕೊಟ್ಟ ಮಾದರಿಯಂತೆಯೇ ಇರಲಿ. ತಳದ ಬಿಳಿ ಪಟ್ಟಿಯಲ್ಲಿ ಯಂತ್ರ ಓದುವ ಸಂಖ್ಯೆಗಳಿವೆ. ಸಹಿಯ ಬಾಲವಾಗಲಿ, ನಮ್ಮ ಕಚೇರಿಯ ಮೊಹರಾಗಲಿ ಅಲ್ಲಿಗೆ ಇಳಿಯಬಾರದು. ಮೊತ್ತ 50,000 ರೂಪಾಯಿ ಅಥವಾ ಹೆಚ್ಚಿದ್ದರೆ ನಿಮ್ಮ ಬ್ಯಾಂಕಿನ 'ಪಾಸಿಟಿವ್ ಪೇ'ಯಲ್ಲಿ ಚೆಕ್ಕಿನ ವಿವರವನ್ನು ಮುಂಚೆಯೇ ತಿಳಿಸಿಡಿ. 5 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಿವೆ.

ಈಗ ಇಂದು ಚೆಕ್ ಪಡೆಯುವ ಮಕ್ಕಳಿಗೆ ಮತ್ತು ಪೋಷಕರಿಗೆ ಎರಡು ಮಾತು. ನಾವು ಕೊಡುವುದೆಲ್ಲ 'ಅಕೌಂಟ್ ಪೇಯೀ' ಚೆಕ್ಕುಗಳು. ಮಗಳ ಹೆಸರಿನ ಚೆಕ್ ಅಣ್ಣನ ಖಾತೆಗೆ, ಚಿಕ್ಕಪ್ಪನ ಖಾತೆಗೆ ಹೋಗುವುದಿಲ್ಲ. ಹಿಂದೆ ಸಹಿ ಮಾಡಿ ವರ್ಗಾಯಿಸುವಂತೆಯೂ ಇಲ್ಲ. ನಮ್ಮಲ್ಲಿ ಒಂದೇ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ 'ಮುಹಮ್ಮದ್', ಪಾಸ್‌ಬುಕ್‌ನಲ್ಲಿ 'ಮೊಹಮ್ಮದ್', ಇನ್ನೊಂದು ಕಡೆ 'ಎಂ.ಡಿ.' ಎಂದಿರುವುದು ಸಾಮಾನ್ಯ. ಅದಕ್ಕಾಗಿಯೇ ಅರ್ಜಿಯ ಜೊತೆ ಪಾಸ್‌ಬುಕ್ಕಿನ ಮೊದಲ ಪುಟ ಕೇಳುತ್ತೇವೆ. ಚೆಕ್ ಕೈಗೆ ಬಂದ ಕೂಡಲೇ, ಈ ಸಭಾಂಗಣ ಬಿಡುವ ಮೊದಲು, ಹೆಸರಿನ ಒಂದೊಂದು ಅಕ್ಷರ ಹೋಲಿಸಿ ನೋಡಿ. ತಪ್ಪಿದ್ದರೆ ನೀವೇ ಪೆನ್ನು ಹಿಡಿಯಬೇಡಿ, ನಮಗೆ ಮರಳಿಸಿ. ಹೊಸ ಚೆಕ್ ಬರೆದುಕೊಡುತ್ತೇವೆ. ಹಿಂಬದಿಯಲ್ಲಿ ಖಾತೆ ಸಂಖ್ಯೆ ಮತ್ತು ಫೋನ್ ನಂಬರ್ ಬರೆದು ಇದೇ ವಾರ ಬ್ಯಾಂಕಿಗೆ ಹಾಕಿ. ಮಡಿಸಬೇಡಿ, ಪಿನ್ ಹೊಡೆಯಬೇಡಿ, ನೆನಪಿಗೆಂದು ಲ್ಯಾಮಿನೇಷನ್ ಮಾಡಿಸಬೇಡಿ.

ಈ ವರ್ಷದಿಂದ ನಮ್ಮ ಕಚೇರಿಯಲ್ಲೂ ಒಂದು ಪದ್ಧತಿ ತಂದಿದ್ದೇವೆ. ದಾನಿಯ ಚೆಕ್ಕನ್ನು ಅವರೆದುರೇ ದಿನಾಂಕ, ಹೆಸರು, ಅಕ್ಷರ, ಅಂಕಿ, ಸಹಿ ಎಂದು ಓದಿ ನೋಡಿಯೇ ರಸೀದಿ ಬರೆಯುತ್ತೇವೆ. ತಿದ್ದಿದ್ದು ಕಂಡರೆ ಅಲ್ಲೇ ಹಿಂದಿರುಗಿಸಿ ಬೇರೆ ಕೇಳುತ್ತೇವೆ. ಹಿರಿಯರು ಇದನ್ನು ಅವಮಾನವೆಂದು ತಿಳಿಯಬಾರದು. ಜುಲೈಯಲ್ಲಿ ನಮ್ಮವರು ಆ ಐದು ನಿಮಿಷದ ಸಂಕೋಚ ಬಿಟ್ಟು ದಾನಿಯನ್ನು ಕೇಳಿದ್ದರೆ, ಅವರು ಪ್ರಯಾಣಕ್ಕೆ ಮೊದಲೇ ಇನ್ನೊಂದು ಹಾಳೆ ಹರಿದು ಕೊಡುತ್ತಿದ್ದರು. ಆ ತಪ್ಪು ಅವರದಷ್ಟೇ ಅಲ್ಲ, ನಮ್ಮದೂ ಹೌದು.

ಆ ಹುಡುಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಈ ಸಲದ ಅವಳ ಚೆಕ್ಕನ್ನು ಮೂವರು ಓದಿ ನೋಡಿದ್ದೇವೆ.