ನಾಲ್ಕು ಜಾವದ ಎಚ್ಚರ



ಶಿವರಾತ್ರಿ ಬಂತೆಂದರೆ ಚಳಿ "ಶಿವ ಶಿವ" ಎಂದು ಓಡಿಹೋಗುತ್ತದೆ ಎನ್ನುತ್ತಿದ್ದರು ನಮ್ಮ ಹಿರಿಯರು. ನಾವಿರುವ ಮುಂಬಯಿಯಲ್ಲಿ ಓಡಿಹೋಗಲು ಚಳಿಯೇ ಇರುವುದಿಲ್ಲ ಬಿಡಿ. ಆದರೆ ಜಾಗರಣೆ ಮಾತ್ರ ಊರಿನಿಂದ ನಮ್ಮ ಜೊತೆಗೇ ಬಂದಿದೆ. ರಾತ್ರಿಯಿಡೀ ಯಾಕೆ ಎಚ್ಚರ ಇರಬೇಕು, ಹೇಗೆ ಇರಬೇಕು, ಬೆಳಗಾದ ಮೇಲೆ ಏನು ಮಾಡಬೇಕು ಎಂಬುದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಕಥೆ. ಶಿವಪುರಾಣದ ಬೇಡನ ಕಥೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ, ಹಗಲೆಲ್ಲ ಅಲೆದರೂ ಬೇಟೆ ಸಿಕ್ಕಿಲ್ಲ. ಕೊಳದ ದಡದ ಬಿಲ್ವದ ಮರವೇರಿ ಬೇಡ ಕಾದು ಕೂರುತ್ತಾನೆ. ಮೊದಲ ಜಾವದಲ್ಲಿ ಒಂದು ಹೆಣ್ಣುಜಿಂಕೆ ಬರುತ್ತದೆ. ಬಾಣ ಹೂಡುವಾಗ ಅವನ ಬಳಿಯಿದ್ದ ನೀರು ತುಳುಕಿ, ಎಲೆಗಳು ಉದುರಿ, ಮರದ ಕೆಳಗಿದ್ದ ಲಿಂಗದ ಮೇಲೆ ಬೀಳುತ್ತವೆ. ಮರಿಗಳನ್ನು ಒಪ್ಪಿಸಿ ಬರುತ್ತೇನೆ ಎಂದು ಜಿಂಕೆ ಮಾತು ಕೊಟ್ಟು ಹೋಗುತ್ತದೆ. ಎರಡನೆಯ ಜಾವದಲ್ಲಿ ಅದರ ತಂಗಿ, ಮೂರನೆಯ ಜಾವದಲ್ಲಿ ಗಂಡುಜಿಂಕೆ. ಅವೂ ಹಾಗೆಯೇ ಮಾತು ಕೊಟ್ಟು ಹೋಗುತ್ತವೆ. ನಾಲ್ಕನೆಯ ಜಾವದಲ್ಲಿ ಮೂರೂ ಮರಿಗಳ ಸಮೇತ ತಿರುಗಿ ಬಂದು ನಿಲ್ಲುತ್ತವೆ. ನಮ್ಮ ಪುಣ್ಯಕೋಟಿಯ ಹಾಗೆಯೇ. ಬೇಡನ ಕೈಯಿಂದ ಬಾಣ ಹೊರಡುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಿ. ಬೇಡ ಭಕ್ತಿಯಿಂದ ಎಚ್ಚರ ಇದ್ದವನಲ್ಲ. ಹಸಿವಿನಿಂದ, ಬೇಟೆಯ ಆಸೆಯಿಂದ ಕಣ್ಣು ತೆರೆದು ಕೂತವನು. ಮೊದಲ ಜಾವದಲ್ಲಿ ಅವನಿಗೆ ಕಂಡದ್ದು ಮಾಂಸ. ನಾಲ್ಕನೆಯ ಜಾವದಲ್ಲಿ ಕಂಡದ್ದು ಮಾತಿಗೆ ತಪ್ಪದ ಒಂದು ಸಂಸಾರ. ಜಿಂಕೆ ಅದೇ, ನೋಡುವ ಕಣ್ಣು ಬದಲಾಗಿತ್ತು. ರಾತ್ರಿ ಎಂದರೆ ಅಜ್ಞಾನ, ನಿದ್ದೆ ಎಂದರೆ ಮೈಮರೆವು, ಜಾಗರಣೆ ಎಂದರೆ ಅರಿವು ಎಂದು ಹಿರಿಯರು ಹೇಳುವುದು ಇದನ್ನೇ. ರೆಪ್ಪೆ ತೆರೆದಿದ್ದರೆ ಸಾಲದು, ಮುಂದಿರುವುದು ಏನೆಂದು ತಿಳಿಯಬೇಕು.

ಇನ್ನು ರಾತ್ರಿಯ ಲೆಕ್ಕ. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗಿನ ಹೊತ್ತನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗ ಒಂದು ಜಾವ. ಫೆಬ್ರವರಿ ಕೊನೆಯಲ್ಲಿ ಮುಂಬಯಿಯಲ್ಲಿ ಸಂಜೆ ಸುಮಾರು 6.45ಕ್ಕೆ ಸೂರ್ಯಾಸ್ತ, ಬೆಳಿಗ್ಗೆ 7ರ ಹೊತ್ತಿಗೆ ಸೂರ್ಯೋದಯ. ಅಂದರೆ ಜಾವಕ್ಕೆ ಮೂರು ಗಂಟೆ ಚಿಲ್ಲರೆ. ಎರಡನೆಯ ಜಾವ ಮುಗಿದು ಮೂರನೆಯದು ಹಿಡಿಯುವ ಹೊತ್ತು, ಸುಮಾರು 12.25ರಿಂದ 1.15ರವರೆಗೆ, ನಿಶೀಥ ಕಾಲ. ಚೆನ್ನೈ, ದೆಹಲಿಯಲ್ಲಿರುವವರು ತಮ್ಮ ಊರಿನ ಸೂರ್ಯಾಸ್ತ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ದೆಹಲಿಯ ಪಂಚಾಂಗದಲ್ಲಿ ಫಾಲ್ಗುಣ ಮಾಸ ಎಂದಿದ್ದರೆ ಗಾಬರಿ ಬೇಡ. ನಮ್ಮ ಮಾಘ ಬಹುಳ ಚತುರ್ದಶಿಯೂ ಅದೂ ಒಂದೇ ದಿನ.

ಜಾವಕ್ಕೊಂದು ಪೂಜೆ. ಬಹಳ ಕಡೆ ಮೊದಲ ಜಾವಕ್ಕೆ ಹಾಲು, ಎರಡನೆಯದಕ್ಕೆ ಮೊಸರು, ಮೂರಕ್ಕೆ ತುಪ್ಪ, ನಾಲ್ಕಕ್ಕೆ ಜೇನಿನ ಅಭಿಷೇಕ. ಈ ಏರ್ಪಾಟಿನಲ್ಲಿ ಒಂದು ಜಾಣತನವಿದೆ. ಹನ್ನೆರಡು ಗಂಟೆ ಎಚ್ಚರ ಇರು ಎಂದರೆ ಯಾರಿಗೂ ಆಗದು. ಮೂರು ಗಂಟೆ ಇರು, ಆಮೇಲೆ ಏಳು, ಕೈಕಾಲು ತೊಳೆ, ನೀರು ತಾ ಎಂದರೆ ಆಗುತ್ತದೆ. ಬೇಡನೂ ಹಾಗೇ ತಾನೆ, ಜಾವಕ್ಕೊಂದು ಕೆಲಸ ಬಂದದ್ದರಿಂದಲೇ ಎಚ್ಚರ ಇದ್ದ!

ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಕನ್ನಡದ ಮನೆಯವರು ಸೇರುತ್ತೇವೆ. ಮಧ್ಯರಾತ್ರಿಯವರೆಗೆ ಯಾರಿಗೂ ಕಷ್ಟವಿಲ್ಲ. ನಿಶೀಥದ ಮಂಗಳಾರತಿ ಮುಗಿದು, ತಟ್ಟೆ ತುಂಬ ಸಾಬೂದಾಣೆ ಖಿಚಡಿ ತಿಂದವರು ಗೋಡೆಗೆ ಒರಗಿದರೆ ಮುಗಿಯಿತು, ಅಲ್ಲೇ ತೂಕಡಿಕೆ. ನಿಜವಾದ ಪರೀಕ್ಷೆ ಮೂರರಿಂದ ಐದು ಗಂಟೆಯವರೆಗೆ. ಆ ಹೊತ್ತಿಗೆ ಮೈಯ ಶಾಖ ದಿನದಲ್ಲೇ ಅತಿ ಕಡಿಮೆಗೆ ಇಳಿಯುತ್ತದೆ. ಸಣ್ಣಗೆ ನಡುಕ, ಕಣ್ಣುರಿ, ಭಜನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದು, ಇವೆಲ್ಲ ಅದರ ಗುರುತು. ಆಗ ಕೂತು ಕೇಳುವ ಹರಿಕಥೆ ಉಪಯೋಗಕ್ಕೆ ಬಾರದು. ನಮ್ಮಲ್ಲಿ ಒಬ್ಬ ಅಜ್ಜಿ ಆ ಹೊತ್ತಿಗೆಂದೇ ಒಂದು ಬುಟ್ಟಿ ಬಿಲ್ವಪತ್ರೆ ಎತ್ತಿಟ್ಟಿರುತ್ತಾರೆ. ತೂತು ಬಿದ್ದದ್ದು, ಮೂರು ದಳ ಇಲ್ಲದ್ದು ಆರಿಸಿ ತೆಗೆಯುವ ಕೆಲಸ. "ಕೈ ಮಲಗಿದ ಮೇಲೆ ತಾನೆ ಕಣ್ಣು ಮಲಗೋದು" ಎನ್ನುತ್ತಾರೆ. ನಿಂತು ತಾಳ ಹಾಕುವುದೂ ಒಳ್ಳೆಯದೇ. ಕಾಫಿ ಕುಡಿಯುವವರು ಒಂದೇ ಸಲ ದೊಡ್ಡ ಲೋಟ ಕುಡಿಯದೆ, ಜಾವಕ್ಕೆ ಅರ್ಧ ಲೋಟ ಇಟ್ಟುಕೊಳ್ಳಲಿ. ಎಲ್ಲಕ್ಕಿಂತ ಮುಖ್ಯ, ಹಿಂದಿನ ರಾತ್ರಿ ಎರಡು ಗಂಟೆ ಬೇಗ ಮಲಗಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಉಪವಾಸದಲ್ಲಿ ಸಕ್ಕರೆ ಕುಸಿದರೆ ಬೆವರು, ನಡುಕ, ಮಾತು ತೊದಲುವುದು ಕಾಣುತ್ತದೆ. ನಡುರಾತ್ರಿಯಲ್ಲಿ ಇದನ್ನು ಬರಿಯ ನಿದ್ದೆ ಎಂದು ಪಕ್ಕದವರು ಬಿಟ್ಟುಬಿಡುತ್ತಾರೆ. ಸಂಶಯ ಬಂದರೆ, ಎಚ್ಚರವಿದ್ದು ನುಂಗಲು ಆಗುವವರಿಗೆ ತಕ್ಷಣ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಿ.

ಕೊನೆಯದಾಗಿ ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ವರ್ಷ ಗೆಳೆಯರ ಮನೆಯಲ್ಲಿ ಜಾಗರಣೆ ಮುಗಿಸಿ, ಬಿಸಿಲು ಮುಖಕ್ಕೆ ಬೀಳುತ್ತಲೇ ಎಲ್ಲ ಸರಿಯಾಯಿತು ಎನಿಸಿ, ಸ್ಕೂಟರ್ ಹಿಂದೆ ಮಗಳನ್ನು ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಅವಳು "ಅಪ್ಪಾ!" ಎಂದು ಕಿರುಚಿದಳು. ನಿಂತ ಲಾರಿಯ ಹಿಂಭಾಗ ಎರಡು ಮಾರು ದೂರದಲ್ಲಿತ್ತು. ಅದರ ಹಿಂದಿನ ಸಿಗ್ನಲ್ ದಾಟಿದ್ದು ನನಗೆ ಇವತ್ತಿಗೂ ನೆನಪಿಲ್ಲ. ಕಣ್ಣು ತೆರೆದೇ ಇತ್ತು, ನಾನು ಮಾತ್ರ ಅಲ್ಲಿರಲಿಲ್ಲ. ಕೆಲವೇ ಕ್ಷಣದ ಇಂಥ ನಿದ್ದೆ ಹೇಳಿ ಕೇಳಿ ಬರುವುದಿಲ್ಲ. 24 ಗಂಟೆ ನಿದ್ದೆಗೆಟ್ಟವನ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.10ರಷ್ಟು ಮದ್ಯ ಇರುವವನಷ್ಟೇ ಕೆಡುತ್ತದೆ ಎಂದು 1997ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಮಿತಿ 0.03. ಅಂದರೆ ಹನಿ ಮದ್ಯ ಮುಟ್ಟದೆ, ಹಣೆಯಲ್ಲಿ ವಿಭೂತಿ ಧರಿಸಿ, ಕುಡಿದವನ ಹಾಗೆ ಮಗಳನ್ನು ಕರೆದೊಯ್ದಿದ್ದೆ.

ಅಂದಿನಿಂದ ನಮ್ಮ ಹಾಲ್‌ನಲ್ಲಿ ಒಂದು ಕಟ್ಟಳೆ ಇದೆ. ಸಂಜೆಯೇ ಎಲ್ಲರ ಗಾಡಿಯ ಬೀಗದ ಕೈ ಆ ಅಜ್ಜಿಯ ಡಬ್ಬಿಗೆ. ಬೆಳಿಗ್ಗೆ ಸ್ನಾನ, ಪಾರಣೆ ಆದ ಮೇಲೆ ದೂರ ಹೋಗುವವರು ಲೋಕಲ್ ಹಿಡಿಯುತ್ತಾರೆ, ಇಲ್ಲವೇ ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ. ಆಫೀಸಿಗೆ ರಜೆ ಸಿಗದವರು ನಿಶೀಥ ಪೂಜೆ ಮುಗಿಸಿ ಮಲಗಿದರೂ ಯಾರೂ ಆಡಿಕೊಳ್ಳುವುದಿಲ್ಲ. ಈ ಸಲ ನೀವು ಜಾಗರಣೆಗೆ ಕೂರುವ ಮುನ್ನ ನಿಮ್ಮ ಬೀಗದ ಕೈಯನ್ನೂ ಒಬ್ಬರಿಗೆ ಒಪ್ಪಿಸಿ ಕೂರಿ.